ಸುಂಟಿಕೊಪ್ಪದಾಚೆಗೆ 30 ಟನ್ ಟ್ರಾನ್ಸ್‌ಫಾರ್ಮರ್: ಕೊನೆಯ ನಾಲ್ಕು ಕಿಲೋಮೀಟರಿನ ಕಥೆ

ಸುಂಟಿಕೊಪ್ಪ ಮತ್ತು ಮಡಿಕೇರಿ ನಡುವೆ, ಹೆದ್ದಾರಿಯಿಂದ ಒಳಗೆ ನಾಲ್ಕು ಕಿಲೋಮೀಟರ್ ದೂರದಲ್ಲಿ, ಕಾಫಿ ತೋಟಗಳ ಮಧ್ಯೆ ಒಂದು 66/11 ಕೆ.ವಿ. ಉಪಕೇಂದ್ರ. ಅಲ್ಲಿಗೆ 20 ಎಂ.ವಿ.ಎ. ಸಾಮರ್ಥ್ಯದ ಹೊಸ ಪವರ್ ಟ್ರಾನ್ಸ್‌ಫಾರ್ಮರ್ ಹೋಗಬೇಕಿತ್ತು. ಹೊರಡುವುದು ಬೆಂಗಳೂರಿನ ಹೊರವಲಯದ ಕಾರ್ಖಾನೆಯಿಂದ. ಸಾಗಾಟದ ಗುತ್ತಿಗೆ ನಮ್ಮ ತಂಡಕ್ಕೆ ಬಂತು, ದಾರಿ ಸರ್ವೆ ಮತ್ತು ಪರ್ಮಿಟ್ ನನ್ನ ಪಾಲಿಗೆ.

ಟ್ರಾನ್ಸ್‌ಫಾರ್ಮರ್ ಅಂದ ಕೂಡಲೇ ಎಲ್ಲರೂ ಕೇಳುವುದು 'ಎಷ್ಟು ಟನ್?' ಅಂತ. ಈ ಪ್ರಕರಣದಲ್ಲಿ ತೂಕ ದೊಡ್ಡ ತಲೆನೋವೇ ಆಗಿರಲಿಲ್ಲ. ತಲೆನೋವು ಕೊಟ್ಟದ್ದು ಗಾಡಿ ತಿರುಗುವಾಗ ಎಷ್ಟು ಜಾಗ ತಿನ್ನುತ್ತದೆ ಅನ್ನುವುದು. ಒಂದೇ ಒಂದು ತಿರುವು ಇಡೀ ಯೋಜನೆಯನ್ನು ಬದಲಿಸಿತು.

ಏನು ಸಾಗಿಸಬೇಕಿತ್ತು

ಎಣ್ಣೆ, ರೇಡಿಯೇಟರ್ ಎಲ್ಲ ಸೇರಿದರೆ ಟ್ರಾನ್ಸ್‌ಫಾರ್ಮರಿನ ತೂಕ 42 ಟನ್. ಹಾಗೇ ಸಾಗಿಸುವ ಮಾತೇ ಇಲ್ಲ. ದೊಡ್ಡ ಗಾತ್ರದ ಸರಕಿಗೆ ಅನುಮತಿ ಕೊಡುವವರು ಮೊದಲು ನೋಡುವುದು, ಇದನ್ನು ಇನ್ನೂ ಬಿಡಿಸಲು ಸಾಧ್ಯವೇ ಎಂದು. ಬಿಚ್ಚಬಹುದಾದ್ದನ್ನು ಬಿಚ್ಚದೆ ಅರ್ಜಿ ಹಾಕಿದರೆ ಅದು ವಾಪಸ್ ಬರುತ್ತದೆ. ಹಾಗಾಗಿ ರೇಡಿಯೇಟರ್, ಕನ್ಸರ್ವೇಟರ್, ಬುಶಿಂಗ್ ಎಲ್ಲವನ್ನೂ ಕಳಚಿ ಮಾಮೂಲಿ ಲಾರಿಗಳಿಗೆ ಹಾಕಿದೆವು. ಎಣ್ಣೆಯನ್ನು ಪೂರ್ತಿ ತೆಗೆದು, ಖಾಲಿ ಟ್ಯಾಂಕಿಗೆ ಒಣ ನೈಟ್ರೋಜನ್ ತುಂಬಿಸಿದರು.

ಈ ನೈಟ್ರೋಜನ್ ವಿಷಯ ಸ್ವಲ್ಪ ಹೇಳಬೇಕು. ಒಳಗಿನ ವೈಂಡಿಂಗಿಗೆ ಸುತ್ತಿರುವ ಕಾಗದ ತೇವಾಂಶವನ್ನು ಹೀರಿಕೊಳ್ಳುತ್ತದೆ. ಟ್ಯಾಂಕಿನೊಳಗೆ ಹೊರಗಿನ ಗಾಳಿಗಿಂತ ಸ್ವಲ್ಪ ಜಾಸ್ತಿ ಒತ್ತಡ ಇದ್ದರೆ ಸಣ್ಣ ಸೋರಿಕೆ ಇದ್ದರೂ ಗಾಳಿ ಒಳಗೆ ಬರುವುದಿಲ್ಲ, ಗ್ಯಾಸ್ ಹೊರಗೆ ಹೋಗುತ್ತದೆ ಅಷ್ಟೇ. ಇಲ್ಲಿ ಇಟ್ಟ ಒತ್ತಡ ಚದರ ಸೆಂ.ಮೀ.ಗೆ 0.2 ಕೆ.ಜಿ. ಮಡಿಕೇರಿ ಕಡೆಯ ಬೆಳಗಿನ ಚಳಿಗೆ ಒತ್ತಡಮಾಪಕದ ಮುಳ್ಳು ತುಸು ಇಳಿಯುತ್ತದೆ, ಬಿಸಿಲಿಗೆ ಏರುತ್ತದೆ. ಅದಕ್ಕೆ ಗಾಬರಿ ಬೇಡ. ಉಷ್ಣಾಂಶ ಒಂದೇ ಇದ್ದಾಗಲೂ ದಿನದಿಂದ ದಿನಕ್ಕೆ ಇಳಿಯುತ್ತಾ ಹೋದರೆ ಸೋರಿಕೆ ಇದೆ ಅಂತ ಅರ್ಥ. ಮುಳ್ಳು ಸೊನ್ನೆಗೆ ಬಂತೆಂದರೆ ಸೈಟಿನಲ್ಲಿ ದಿನಗಟ್ಟಲೆ ಒಣಗಿಸುವ ಕೆಲಸ ಬೀಳುತ್ತದೆ. ಅದಕ್ಕೇ ಒತ್ತಡ ಬರೆಯುವಾಗ ಪಕ್ಕದಲ್ಲೇ ಉಷ್ಣಾಂಶವನ್ನೂ ಬರೆಯಬೇಕು.

ಇಷ್ಟೆಲ್ಲ ಕಳಚಿದ ಮೇಲೆ ಉಳಿದ ಟ್ಯಾಂಕು 30 ಟನ್. ಉದ್ದ 4.8 ಮೀಟರ್, ಅಗಲ 2.9, ಎತ್ತರ 3.4. ಮಾಮೂಲಿ ಲಾರಿಗೆ ಇರುವ ಅಗಲದ ಮಿತಿ 2.6 ಮೀಟರ್, ಎತ್ತರದ ಮಿತಿ ನೆಲದಿಂದ 4 ಮೀಟರ್. ತಗ್ಗು ಹಾಸಿನ ಟ್ರೇಲರ್, ಅಂದರೆ ಲೋಬೆಡ್, ಬಳಸಿದರೂ ಅದರ ಹಾಸು ಸುಮಾರು ಒಂದು ಮೀಟರ್ ಎತ್ತರ ಇರುವುದರಿಂದ ಒಟ್ಟು 4.4 ಮೀಟರ್ ಆಗುತ್ತದೆ. ಅಗಲ, ಎತ್ತರ ಎರಡೂ ಮಿತಿ ಮೀರಿತು.

ತೂಕದ ಲೆಕ್ಕ ನೋಡಿ. ಮೂರು ಆಕ್ಸಲಿನ ಎಳೆಯುವ ಗಾಡಿ 9 ಟನ್, ಮೂರು ಆಕ್ಸಲಿನ ಲೋಬೆಡ್ 13 ಟನ್, ಸರಕು 30. ಒಟ್ಟು 52 ಟನ್. ಇಂಥ ಜೋಡಿಗೆ ಕಾನೂನಿನ ಮಿತಿ 55 ಟನ್. ಅಂದರೆ ಇದು ಗಾತ್ರ ಮೀರಿದ ಸರಕು ಹೌದು, ತೂಕ ಮೀರಿದ ಸರಕು ಅಲ್ಲ. ಎರಡಕ್ಕೂ ಅರ್ಜಿ ಬೇರೆ, ಪರಿಶೀಲನೆ ಬೇರೆ. ತೂಕ ಮಿತಿಯೊಳಗೆ ಇದ್ದರೆ ಸೇತುವೆಗಳ ವಿಶೇಷ ಲೆಕ್ಕಾಚಾರ ಬೇಕಾಗುವುದಿಲ್ಲ. ಕೊಪ್ಪದ ಹತ್ತಿರ ಕಾವೇರಿ ದಾಟಿ ಕುಶಾಲನಗರಕ್ಕೆ ಬರುವ ಸೇತುವೆ ಮೇಲೂ ಈ ಗಾಡಿ, ತೂಕದ ಮಟ್ಟಿಗೆ, ಬೇರೆ ದೊಡ್ಡ ಟ್ರೇಲರಿನ ಹಾಗೇ.

ಸರ್ವೆ: ಹಗ್ಗ, ಟೇಪು ಮತ್ತು ಒಂದು ತಿರುವು

ಸರ್ವೆ ಮಾಡಿದ್ದು ಜನವರಿಯಲ್ಲಿ. ಬೆಂಗಳೂರಿನಿಂದ ಮೈಸೂರು, ಹುಣಸೂರು, ಪಿರಿಯಾಪಟ್ಟಣ, ಬೈಲುಕುಪ್ಪೆ, ಕುಶಾಲನಗರದವರೆಗೆ 275ನೇ ರಾಷ್ಟ್ರೀಯ ಹೆದ್ದಾರಿ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎತ್ತರ ಅಳೆಯುವ ಕೋಲು ಕಟ್ಟಿದ ಜೀಪು ಹೋಯಿತು, ತೊಂದರೆ ಸಿಗಲಿಲ್ಲ. ಮಂಗಳೂರು ಕಡೆಯಿಂದ ಸಂಪಾಜೆ ಘಾಟ್ ಹತ್ತುವ ಯೋಚನೆಯನ್ನು ಕಾಗದದ ಮೇಲೂ ಮಾಡಲಿಲ್ಲ. 2018ರ ಕುಸಿತದ ನಂತರ ಆ ಗುಡ್ಡದ ಬದಿಗೆ ಬೇಡದ ಭಾರ ತರುವುದು ಯಾರಿಗೂ ಇಷ್ಟವಿಲ್ಲ.

ವಿಷಯ ಇದ್ದದ್ದು ಹೆದ್ದಾರಿ ಬಿಟ್ಟ ಮೇಲಿನ 4.2 ಕಿ.ಮೀ.ಯಲ್ಲಿ. ಟಾರು ಐದೂವರೆ ಮೀಟರ್ ಅಗಲ, ಎರಡೂ ಬದಿ ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿಸಿದ ಕಾಳುಮೆಣಸು. ಒಂದು ಕಡೆ ಗುಡ್ಡ, ಅದರ ಬುಡದಲ್ಲಿ ಚರಂಡಿ. ಇನ್ನೊಂದು ಕಡೆ ಇಳಿಜಾರು. ಎರಡು ಕಿ.ಮೀ. ಹೋದ ಮೇಲೆ ಕೆರೆಯ ಪಕ್ಕದಲ್ಲಿ ಒಂದು ತಿರುವು, ಹೊರಬದಿಗೆ ಕಲ್ಲಿನ ತಡೆಗೋಡೆ, ಅಲ್ಲಿಂದ ಮುಂದಕ್ಕೆ ಏರು.

ತಿರುವನ್ನು ಅಳೆಯುವುದಕ್ಕೆ ದೊಡ್ಡ ಉಪಕರಣ ಬೇಕಿಲ್ಲ. ಹೊರಬದಿಯ ಅಂಚಿನಲ್ಲಿ ಎರಡು ಕಡೆ ಗೂಟ ಹೊಡೆದು ಅವುಗಳ ನಡುವೆ 20 ಮೀಟರಿನ ಹಗ್ಗ ಬಿಗಿಯಾಗಿ ಕಟ್ಟಿ. ಹಗ್ಗದ ನಟ್ಟನಡುವಿನಿಂದ ಅಂಚಿನವರೆಗೆ ಟೇಪು ಹಿಡಿಯಿರಿ. ಇಲ್ಲಿ ಸಿಕ್ಕಿದ್ದು 3.8 ಮೀಟರ್. ಹಗ್ಗದ ಉದ್ದದ ವರ್ಗವನ್ನು ಆ ನಡು ಅಳತೆಯ ಎಂಟು ಪಟ್ಟಿನಿಂದ ಭಾಗಿಸಿ, ನಡು ಅಳತೆಯ ಅರ್ಧವನ್ನು ಕೂಡಿಸಿದರೆ ತಿರುವಿನ ತ್ರಿಜ್ಯ ಬರುತ್ತದೆ:

```
R = C²/(8M) + M/2
R = 400/30.4 + 1.9 ≈ 15 m
```

ಹೊರ ಅಂಚಿನ ತ್ರಿಜ್ಯ 15 ಮೀಟರ್. ಟಾರು ಮತ್ತು ಗಟ್ಟಿ ಅಂಚು ಸೇರಿ ಅಲ್ಲಿ ಸಿಗುವ ಅಗಲ 6.5 ಮೀಟರ್.

ಈಗ ಲೋಬೆಡ್ ಇಲ್ಲಿ ತಿರುಗುತ್ತದೆಯೇ? ಮುಂದಿನ ಗಾಡಿಯ ಚಕ್ರ ಒಂದು ಸುತ್ತಿನಲ್ಲಿ ಹೋದರೆ, ಹಿಂದಿನ ಟ್ರೇಲರಿನ ಚಕ್ರ ಅದೇ ಜಾಡಿನಲ್ಲಿ ಬರುವುದಿಲ್ಲ, ಒಳಗೆ ಕುಯ್ದುಕೊಂಡು ಬರುತ್ತದೆ. ಟ್ರೇಲರ್ ಉದ್ದ ಇದ್ದಷ್ಟೂ ಕುಯ್ಯುವುದು ಜಾಸ್ತಿ. ಮುಂದಿನ ಬಂಪರಿನ ಮೂಲೆ ಹೊರ ಅಂಚಿನೊಳಗೇ ಇರಬೇಕಾದರೆ ಎಳೆಯುವ ಗಾಡಿಯ ಮುಂದಿನ ಆಕ್ಸಲಿನ ನಡುಭಾಗ ಸುಮಾರು 13.5 ಮೀಟರ್ ತ್ರಿಜ್ಯದಲ್ಲಿ ಹೋಗಬೇಕು. ಎಳೆಯುವ ಗಾಡಿಯ ಚಕ್ರಾಂತರ 4 ಮೀಟರ್, ಜೋಡಣೆಯ ಪಿನ್‌ನಿಂದ ಟ್ರೇಲರಿನ ಹಿಂದಿನ ಆಕ್ಸಲುಗಳ ನಡುವಿನವರೆಗೆ 9.5 ಮೀಟರ್:

```
r = √(13.5² − 4² − 9.5²) ≈ 8.7 m
```

ಟ್ರೇಲರಿನ ನಡುಗೆರೆ 8.7 ಮೀಟರ್ ತ್ರಿಜ್ಯಕ್ಕೆ ಇಳಿಯಿತು. ಸರಕಿನ ಅರ್ಧ ಅಗಲ ಸುಮಾರು ಒಂದೂವರೆ ಮೀಟರ್ ಕಳೆದರೆ ಒಳಬದಿ 7.2. ಹೊರಗೆ 15, ಒಳಗೆ 7.2. ಗಾಡಿಗೆ ಬೇಕಾದ ಅಗಲ 7.8 ಮೀಟರ್, ಇರುವುದು ಆರೂವರೆ. 1.3 ಮೀಟರ್ ಸಾಲದು. ಇದು ತಿರುವು ಪೂರ್ತಿ ಸುತ್ತಿದಾಗಿನ ಲೆಕ್ಕ. ಚಿಕ್ಕ ತಿರುವಿನಲ್ಲಿ ಟ್ರೇಲರ್ ಅಷ್ಟು ಒಳಗೆ ಬರುವ ಮೊದಲೇ ರಸ್ತೆ ನೇರವಾಗಿಬಿಡಬಹುದು. ಆದರೆ ಈ ತಿರುವು ಹೆಚ್ಚುಕಮ್ಮಿ ಹಿಂದಕ್ಕೇ ತಿರುಗುತ್ತಿತ್ತು, ಆ ರಿಯಾಯಿತಿ ಸಿಗಲಿಲ್ಲ.

ಗುಡ್ಡವನ್ನು ಒಂದೂವರೆ ಮೀಟರ್ ಕಡಿದುಬಿಟ್ಟರೆ ಆಯ್ತಲ್ಲ ಅಂತ ಮೀಟಿಂಗಿನಲ್ಲಿ ಒಬ್ಬರು ಹೇಳಿದರು. ಬಯಲುಸೀಮೆಯಲ್ಲಾದರೆ ನಾನೂ ಅದನ್ನೇ ಹೇಳುತ್ತಿದ್ದೆ. ಕೊಡಗಿನಲ್ಲಿ ಗುಡ್ಡದ ಬುಡ ಕಡಿಯುವುದು ಫೆಬ್ರವರಿಯಲ್ಲಿ ಸಲೀಸು, ಅದರ ಬಿಲ್ಲು ಬರುವುದು ಜುಲೈಯಲ್ಲಿ. ಮೇಲೆ ತೋಟದ ಕಾರ್ಮಿಕರ ಲೈನ್ ಮನೆಗಳಿದ್ದವು. ಆ ಮಾತು ಅಲ್ಲಿಗೇ ನಿಂತಿತು.

ಎರಡು ಗಾಡಿ, ಒಂದು ಸರಕು

ಇನ್ನೊಂದು ದಾರಿ ಹೈಡ್ರಾಲಿಕ್ ಆಕ್ಸಲ್ ಟ್ರೇಲರ್. ಇದರಲ್ಲಿ ಎಲ್ಲ ಚಕ್ರಗಳೂ ತಿರುಗುತ್ತವೆ. ಮುಂದಿನ ಸಾಲುಗಳು ಒಂದು ಕಡೆಗೆ ತಿರುಗಿದರೆ ಹಿಂದಿನ ಸಾಲುಗಳು ವಿರುದ್ಧ ದಿಕ್ಕಿಗೆ ತಿರುಗಿ ಹಿಂಭಾಗವನ್ನು ಜಾಡಿಗೆ ತರುತ್ತವೆ. ಹೀಗಾಗಿ ತಿರುಗುವ ಲೆಕ್ಕದಲ್ಲಿ ಅದರ ಉದ್ದ 9.5 ಮೀಟರ್ ಬದಲು ಹತ್ತಿರಹತ್ತಿರ 5 ಮೀಟರ್ ಅಂತ ಹಿಡಿಯಬಹುದು. ಅದೇ ಸೂತ್ರ ಹಾಕಿದರೆ ನಡುಗೆರೆ 11.9 ಮೀಟರ್, ಬೇಕಾದ ಅಗಲ ಸುಮಾರು 4.6. ತಡೆಗೋಡೆಯಿಂದ ಒಂದು ಮೀಟರ್ ದೂರ ಇಟ್ಟುಕೊಂಡರೂ ಹಿಡಿಯುತ್ತದೆ.

ನಾಲ್ಕು ಸಾಲು ಆಕ್ಸಲ್ ಸಾಕು ಅಂತ ತೀರ್ಮಾನಿಸಿದೆವು. ಟ್ರೇಲರ್ 16 ಟನ್, ಸರಕು 30, ಒಟ್ಟು 46. ಸಾಲಿಗೆ 11.5 ಟನ್. ನಿಯಮ ಒಂದು ಸಾಲಿಗೆ 18 ಟನ್‌ವರೆಗೆ ಬಿಡುತ್ತದೆ. ತೂಕ ಹೊರುವುದಕ್ಕೆ ಇಷ್ಟು ದುಬಾರಿ ಟ್ರೇಲರ್ ಬೇಕಿರಲಿಲ್ಲ. ನಾವು ದುಡ್ಡು ಕೊಟ್ಟದ್ದು ಅದು ತಿರುಗುವ ಗುಣಕ್ಕೆ. ಗುತ್ತಿಗೆದಾರರ ಲೆಕ್ಕಪತ್ರದವರಿಗೆ ಇದನ್ನು ಒಪ್ಪಿಸುವುದು ಆ ಕೆರೆ ತಿರುವಿಗಿಂತ ಕಷ್ಟ ಆಯಿತು.

ಹಾಗಾದರೆ ಬೆಂಗಳೂರಿನಿಂದಲೇ ಅದರ ಮೇಲೆ ತರಬಹುದಲ್ವಾ? ಬರಬಹುದು, ಆದರೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳ ಜೊತೆಗೆ ಮಲ್ಟಿ ಆಕ್ಸಲ್ ಹೈಡ್ರಾಲಿಕ್ ಟ್ರೇಲರಿಗೂ ನಿಷೇಧ ಇದೆ. ಸರ್ವಿಸ್ ರಸ್ತೆ ಹಿಡಿದು ಊರೂರು ಸುತ್ತಬೇಕು. ಮೇಲಾಗಿ ಅದರ ವೇಗ ಬಯಲಿನಲ್ಲೇ ಗಂಟೆಗೆ ಹತ್ತು ಹದಿನೈದು ಕಿ.ಮೀ.

ಅದಕ್ಕೇ ಕೆಲಸವನ್ನು ಎರಡಾಗಿ ಸೀಳಿದೆವು. ಕುಶಾಲನಗರದವರೆಗೆ ಲೋಬೆಡ್. ಅಲ್ಲಿನ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ಗಟ್ಟಿ ನೆಲದ ಒಂದು ಅಂಗಳ ಬಾಡಿಗೆಗೆ ಹಿಡಿದು, ಕ್ರೇನಿನಿಂದ ಎತ್ತಿ ಹೈಡ್ರಾಲಿಕ್ ಟ್ರೇಲರಿಗೆ ಬದಲಾವಣೆ. ಖಾಲಿ ಹೈಡ್ರಾಲಿಕ್ ಟ್ರೇಲರನ್ನು ಮಾಡ್ಯೂಲುಗಳಾಗಿ ಬಿಚ್ಚಿ ಮಾಮೂಲಿ ಟ್ರೇಲರಿನ ಮೇಲೆ ಮುಂಚೆಯೇ ತಂದು ಜೋಡಿಸುವುದು. ಕ್ರೇನು ಬಾಡಿಗೆ ಜಾಸ್ತಿ ಆಯಿತು, ಆದರೆ ಉದ್ದ ದಾರಿಯ ದಿನಗಳು ಉಳಿದವು.

ಪರ್ಮಿಟ್: ಗಾಡಿಗೂ ದಾರಿಗೂ ಸೇರಿಯೇ

ಎರಡು ಗಾಡಿ ಆದ್ದರಿಂದ ಅರ್ಜಿಯೂ ಎರಡು. ಪರ್ಮಿಟ್ ಸರಕಿಗೆ ಅಂತ ಬಹಳ ಜನ ತಿಳಿದಿರುತ್ತಾರೆ. ಅದು ಸಿಗುವುದು ಇಂಥ ನಂಬರಿನ ಗಾಡಿ, ಇಂಥ ಸರಕು ಹೊತ್ತು, ಇಂಥ ದಾರಿಯಲ್ಲಿ, ಇಂಥ ದಿನಗಳೊಳಗೆ ಹೋಗುವುದಕ್ಕೆ. ಇದರಲ್ಲಿ ಒಂದು ಬದಲಾದರೂ ಮತ್ತೆ ಮೊದಲಿನಿಂದ. ಎಳೆಯುವ ಗಾಡಿ ಕೆಟ್ಟು ಇನ್ನೊಂದನ್ನು ಜೋಡಿಸಿದರೆ ಕಾಗದದ ಪ್ರಕಾರ ನಿಮ್ಮ ಹತ್ತಿರ ಪರ್ಮಿಟ್ಟೇ ಇಲ್ಲ. ಹಾಗಾಗಿ ಬದಲಿ ಗಾಡಿಯ ನಂಬರನ್ನೂ ಮೊದಲೇ ಅರ್ಜಿಯಲ್ಲಿ ಸೇರಿಸುವುದು ನಮ್ಮ ಪದ್ಧತಿ. ಅನುಮತಿ ಇಲ್ಲದೆ ಸರಕು ಹೊರಚಾಚಿಕೊಂಡು ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯಲ್ಲಿ ದಂಡ 20,000 ರೂ., ಜೊತೆಗೆ ಸರಕು ಇಳಿಸುವ ಖರ್ಚು. ದಂಡಕ್ಕಿಂತ ಆ ಇಳಿಸುವ ಮಾತೇ ಭಯ. ಹುಣಸೂರು ರಸ್ತೆ ಬದಿಯಲ್ಲಿ 30 ಟನ್ ಇಳಿಸುವುದು ಹೇಗೆ?

ಅರ್ಜಿಯ ಜೀವ ಇರುವುದು ಒಂದು ನಕ್ಷೆಯಲ್ಲಿ. ಸರಕು ಹೊತ್ತ ಗಾಡಿಯನ್ನು ಪಕ್ಕದಿಂದ ಮತ್ತು ಹಿಂದಿನಿಂದ ಬರೆದು, ಪ್ರತಿ ಆಕ್ಸಲಿನ ಕೆಳಗೆ ಅದರ ಭಾರ, ಆಕ್ಸಲುಗಳ ನಡುವಿನ ಅಂತರ, ಒಟ್ಟು ಎತ್ತರ ತೋರಿಸಬೇಕು. ಹೆದ್ದಾರಿಯವರು ಸೇತುವೆ ನೋಡುವುದು ಇದನ್ನೇ ಹಿಡಿದು. ರಾಷ್ಟ್ರೀಯ ಹೆದ್ದಾರಿಗೆ ಒಂದು ಕಡೆ, ಒಳರಸ್ತೆಗೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದಲ್ಲಿ ಇನ್ನೊಂದು ಕಡೆ ಕೊಟ್ಟೆವು. ತಂತಿಗಳಿಗೆ ವಿದ್ಯುತ್ ಕಂಪನಿ ಸೆಸ್ಕ್, ಬೆಂಗಾವಲಿಗೆ ಪೊಲೀಸ್, ಕುಶಾಲನಗರ–ಸುಂಟಿಕೊಪ್ಪ ನಡುವೆ ಹೆದ್ದಾರಿ ಹಾದುಹೋಗುವ ಆನೆಕಾಡು ಅರಣ್ಯಕ್ಕೆ ಅರಣ್ಯ ಇಲಾಖೆ.

ದಿನ ಗೊತ್ತುಮಾಡುವುದಕ್ಕೆ ಇಲ್ಲಿಯ ಕ್ಯಾಲೆಂಡರ್ ಬೇರೆ. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ಭಾರಿ ವಾಹನಗಳನ್ನು ನಿಷೇಧಿಸಿ ಆದೇಶ ಹೊರಡಿಸುತ್ತಾರೆ. ಈಚಿನ ವರ್ಷಗಳ ಆದೇಶಗಳಲ್ಲಿ 18,500 ಕೆ.ಜಿ. ಮೀರಿದ ಸರಕು ವಾಹನ ಅಂತಲೇ ಇರುತ್ತಿತ್ತು. ಆದ್ದರಿಂದ ಜೂನ್ ಬರುವ ಮೊದಲೇ ಮುಗಿಯಬೇಕು. ಡಿಸೆಂಬರ್, ಜನವರಿಯಲ್ಲಿ ಕಾಫಿ ಕೊಯ್ಲು. ಒಳರಸ್ತೆ ತುಂಬ ಕಾರ್ಮಿಕರ ಜೀಪು, ಕಾಫಿ ಮೂಟೆಯ ಟ್ರ್ಯಾಕ್ಟರು. ಫೆಬ್ರವರಿ ಕೊನೆ, ಮಾರ್ಚ್ ಮೊದಲ ವಾರ ಅಂತ ಇಟ್ಟುಕೊಂಡೆವು. ಸುಂಟಿಕೊಪ್ಪದ ಭಾನುವಾರದ ಸಂತೆ ತಪ್ಪಿಸಿದ್ದು ಹೇಳಬೇಕಾಗಿಯೇ ಇಲ್ಲ.

ಮೋರಿಯ ಮೇಲೆ ಇನ್ನೊಂದು ಮೋರಿ

ಒಳರಸ್ತೆಯಲ್ಲಿ ಕಲ್ಲು ಚಪ್ಪಡಿಯ ಹಳೇ ಮೋರಿ ಒಂದಿತ್ತು. ಒಂದೂವರೆ ಮೀಟರ್ ಬಾಯಿ. ಚಪ್ಪಡಿ ಎಷ್ಟು ದಪ್ಪ, ಒಳಗೆ ಬಿರುಕಿದೆಯೇ ಎಂದು ಯಾವ ದಾಖಲೆಯೂ ಇಲ್ಲ. ದಿನಾ ಮರಳು ಲಾರಿ ಹೋಗುತ್ತಲ್ಲ ಅನ್ನುವುದು ಉತ್ತರವಲ್ಲ. ಲಾರಿಯ ಹಿಂದಿನ ಆಕ್ಸಲ್ ಒಂದು ಕ್ಷಣ ಹಾದು ಹೋಗುತ್ತದೆ. ಇಲ್ಲಿ 11.5 ಟನ್‌ನ ಸಾಲುಗಳು ಒಂದೂವರೆ ಮೀಟರ್ ಅಂತರದಲ್ಲಿ ಒಂದರ ಹಿಂದೆ ಒಂದು ನಿಧಾನವಾಗಿ ಬರುತ್ತವೆ. ಒಂದು ಸಾಲು ಇಳಿಯುವಷ್ಟರಲ್ಲಿ ಇನ್ನೊಂದು ಹತ್ತಿರುತ್ತದೆ.

ಚಪ್ಪಡಿಯನ್ನು ನಂಬದೆ ಅದರ ಮೇಲೆ ಹಾದುಹೋಗುವ ತಾತ್ಕಾಲಿಕ ಸೇತುವೆ ಹಾಕಿದೆವು. ನಾಲ್ಕು ಮೀಟರ್ ಉದ್ದದ, 200 ಮಿ.ಮೀ. ಎತ್ತರದ ಆರು ಐ ಬೀಮ್. ಮೋರಿಯ ಗೋಡೆಗಳಿಂದಲೂ ಆಚೆ, ಗಟ್ಟಿ ರಸ್ತೆಯ ಮೇಲೆ 50 ಮಿ.ಮೀ. ದಪ್ಪದ ಮರದ ಹಲಗೆ ಇಟ್ಟು ಬೀಮಿನ ತುದಿಗಳನ್ನು ಅದರ ಮೇಲೆ ಕೂರಿಸುವುದು. ಮೇಲೆ 25 ಮಿ.ಮೀ. ಉಕ್ಕಿನ ತಗಡು, ಎರಡೂ ಕಡೆ ಮರದ ಬೆಣೆ ಮತ್ತು ಕ್ರಷರ್ ಪುಡಿಯಿಂದ ಮಾಡಿದ ಇಳಿಜಾರು. ಬೀಮಿನ ತಳಕ್ಕೂ ಚಪ್ಪಡಿಗೂ ನಡುವೆ 50 ಮಿ.ಮೀ. ಖಾಲಿ ಇರಬೇಕು. ಆ ಖಾಲಿ ಜಾಗವೇ ಇಡೀ ಕೆಲಸದ ಸಾರ. ಭಾರಕ್ಕೆ ಬೀಮು ಬಾಗಿ ಅಥವಾ ಹಲಗೆ ಕುಸಿದು ಚಪ್ಪಡಿಗೆ ತಗುಲಿದರೆ ಅಷ್ಟೆಲ್ಲ ಮಾಡಿದ್ದು ವ್ಯರ್ಥ.

ಅದು ತಗುಲಲಿಲ್ಲ ಎಂದು ಗೊತ್ತಾಗುವುದು ಹೇಗೆ? ಕೆರೆಯಂಚಿನ ಹಸಿ ಜೇಡಿಮಣ್ಣು ತಂದು, ಚಪ್ಪಡಿಯ ಮೇಲೆ ಬೀಮಿನ ತಳಕ್ಕೆ ಸರಿಯಾಗಿ ತಾಗುವಂತೆ ಮೂರು ಮುದ್ದೆ ನಿಲ್ಲಿಸಿದೆವು. ಗಾಡಿ ದಾಟಿದ ಮೇಲೆ ಮುದ್ದೆ ಎಷ್ಟು ಒತ್ತಿಕೊಂಡಿದೆಯೋ ಬೀಮು ಅಷ್ಟು ಕೆಳಗೆ ಬಂದಿದೆ ಎಂದರ್ಥ. ಮಣ್ಣು ಮತ್ತೆ ಮೇಲೇಳುವುದಿಲ್ಲ, ಸುಳ್ಳು ಹೇಳುವುದಿಲ್ಲ.

ಏರು ಮತ್ತು ಹಿಡಿತ

ಕೆರೆ ತಿರುವಿನ ನಂತರದ ಏರು ಹನ್ನೆರಡಕ್ಕೆ ಒಂದು. ಹೈಡ್ರಾಲಿಕ್ ಟ್ರೇಲರ್ ಮತ್ತು ಸರಕು 46 ಟನ್, ಭಾರದ ಕಲ್ಲು ಹೊತ್ತ ಎಳೆಯುವ ಗಾಡಿ 20 ಟನ್, ಒಟ್ಟು 66. ಏರಿಗೆ ನೂರಕ್ಕೆ 8.3, ಚಕ್ರ ಉರುಳುವ ಎಳೆತಕ್ಕೆ 2 ಅಂತ ಹಿಡಿದರೆ ಬೇಕಾದ ಎಳೆ ಸುಮಾರು 6.8 ಟನ್. ಎಂಜಿನ್‌ಗೆ ಶಕ್ತಿ ಇದೆ. ಪ್ರಶ್ನೆ ಇರುವುದು ಟೈರಿನ ಹಿಡಿತದಲ್ಲಿ. ಎಳೆಯುವ ಚಕ್ರಗಳ ಮೇಲೆ 15 ಟನ್ ಭಾರ. ಒಣ ಟಾರಿನಲ್ಲಿ ಅದರ ಶೇ. 60ರಷ್ಟು, ಅಂದರೆ 9 ಟನ್ ಎಳೆ ಸಿಗುತ್ತದೆ. ಒದ್ದೆ ಎಲೆ, ಕೆಸರು ಇರುವ ರಸ್ತೆಯಲ್ಲಿ ಶೇ. 35 ಸಿಕ್ಕರೆ ಹೆಚ್ಚು, ಅದು 5.2 ಟನ್. ಒಣಗಿದ್ದರೆ ಹತ್ತುತ್ತದೆ, ಒದ್ದೆಯಾದರೆ ಅಲ್ಲೇ ಚಕ್ರ ಸುತ್ತುತ್ತದೆ. ಇಂಥ ಕಡೆ ಚಕ್ರ ಸುತ್ತಿ ಹಿಂದಕ್ಕೆ ಜಾರಿದರೆ ಟ್ರೇಲರ್ ಹೋಗುವುದು ತಡೆಗೋಡೆಯ ಕಡೆಗೇ.

ಎರಡನೇ ಎಳೆಯುವ ಗಾಡಿಯನ್ನು ಜೊತೆಗೆ ಇಟ್ಟುಕೊಂಡದ್ದು ಇದಕ್ಕೇ. ಅದನ್ನು ಮುಂದೆ ಬಾಗದ ಉಕ್ಕಿನ ಕಂಬಿಯಿಂದ ಜೋಡಿಸಬೇಕು, ಹಗ್ಗದಿಂದ ಅಲ್ಲ. ಹಗ್ಗ ಸಡಿಲಾಗಿ ಮತ್ತೆ ಬಿಗಿಯುವಾಗ ಜಗ್ಗುತ್ತದೆ. ಆ ಜಗ್ಗು ನೇರ ಟ್ರಾನ್ಸ್‌ಫಾರ್ಮರಿನ ಒಳಗಿನ ಕೋರಿಗೆ ಹೋಗುತ್ತದೆ. ಟ್ಯಾಂಕಿಗೆ ಆಘಾತ ದಾಖಲಿಸುವ ಪೆಟ್ಟಿಗೆ ಕಟ್ಟಿರುತ್ತಾರೆ. ನಮ್ಮ ಕಂಪನಿಯವರು ಹಾಕಿದ್ದ ಮಿತಿ 3 ಜಿ, ಅಂದರೆ ಗುರುತ್ವದ ಮೂರು ಪಟ್ಟು. ಮೀರಿದರೆ ಒಳಗೆ ಇಳಿದು ಪರೀಕ್ಷೆ ಮಾಡದೆ ಸರಕನ್ನು ತೆಗೆದುಕೊಳ್ಳುವುದಿಲ್ಲ.

ಹೊರಟ ರಾತ್ರಿ

ಬೆಂಗಾವಲಿನ ಸಮಯದಲ್ಲಿ ಇಬ್ಬರ ಬೇಡಿಕೆ ಡಿಕ್ಕಿ ಹೊಡೆಯಿತು. ಹೆದ್ದಾರಿಯಲ್ಲಿ ರಾತ್ರಿಯೇ ಹೋಗಿ ಎಂದರು ಪೊಲೀಸರು. ಆನೆಕಾಡಿನಲ್ಲಿ ರಾತ್ರಿ ಆನೆ ರಸ್ತೆ ದಾಟುತ್ತವೆ ಎಂದರು ಅರಣ್ಯದವರು. ನಮ್ಮ ಗಾಡಿಗೆ ಆನೆ ಕಂಡರೆ ಹಿಂದೆ ಸರಿಯುವ ದಾರಿ ಇಲ್ಲ. ಮಬ್ಬುಗತ್ತಲು ಮತ್ತು ಬೆಳಗಿನ ಜಾವ ಓಡಾಟ ಜಾಸ್ತಿ, ನಡುರಾತ್ರಿ ಸ್ವಲ್ಪ ಕಡಿಮೆ ಎಂದು ಅಲ್ಲಿಯ ಗಾರ್ಡ್ ಹೇಳಿದ ಮಾತು ಇಟ್ಟುಕೊಂಡೆವು. ಮಡಿಕೇರಿಯಿಂದ ಬೆಂಗಳೂರಿಗೆ ಹೊರಡುವ ರಾತ್ರಿ ಬಸ್ಸುಗಳು ಕುಶಾಲನಗರ ದಾಟಿದ ಮೇಲೆ, ಹನ್ನೊಂದೂವರೆಗೆ ಹೊರಡುವುದು ಎಂದಾಯಿತು. ಅರಣ್ಯ ಇಲಾಖೆಯ ಜೀಪು ಕಾಡಿನ ಆ ತುದಿಯಿಂದ ಈ ತುದಿಗೆ ಒಮ್ಮೆ ಬಂದು 'ಖಾಲಿ ಇದೆ' ಎಂದ ಮೇಲೆ ನಾವು ಒಳಗೆ.

ಮುಂದೆ 400 ಮೀಟರಿನಲ್ಲಿ ಪೈಲಟ್ ಜೀಪು, ಹಿಂದೆ ಇನ್ನೊಂದು. ಎಲ್ಲರ ಕೈಯಲ್ಲಿ ವಾಕಿಟಾಕಿ. ಈ ಕಡೆಯ ಮೊಬೈಲ್ ಸಿಗ್ನಲ್ ನಂಬಿ ಭಾರ ಎಳೆಯುವುದಕ್ಕಾಗುವುದಿಲ್ಲ. ಸಣ್ಣ ಸೇತುವೆಗಳ ಮೇಲೆ ನಿಯಮ ಒಂದೇ: ಬೇರೆ ವಾಹನ ಇರಬಾರದು, ರಸ್ತೆಯ ನಡುಗೆರೆ ಬಿಟ್ಟು ಸರಿಯಬಾರದು, ಗಂಟೆಗೆ 5 ಕಿ.ಮೀ. ಮೀರಬಾರದು, ಬ್ರೇಕು ಹಾಕಬಾರದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸೇತುವೆ ಸಂಹಿತೆಯಲ್ಲಿ 385 ಟನ್‌ನ ವಿಶೇಷ ವಾಹನಕ್ಕೆ ಹೆಚ್ಚುಕಮ್ಮಿ ಇದೇ ಷರತ್ತು ಇದೆ, ನಡುಗೆರೆಯಿಂದ 300 ಮಿ.ಮೀ.ಗಿಂತ ಹೆಚ್ಚು ಸರಿಯಬಾರದು ಎಂದು ಅಳತೆಯನ್ನೂ ಕೊಟ್ಟಿದೆ. ನಮ್ಮದು ಅದರ ಮುಂದೆ ಚಿಕ್ಕದು. ಆದರೂ ಅಭ್ಯಾಸ ಬಿಡುವುದಿಲ್ಲ.

ಸುಂಟಿಕೊಪ್ಪ ಪೇಟೆಯಲ್ಲಿ ಕರೆಂಟಿನ ತಂತಿ ತೊಂದರೆ ಕೊಡಲಿಲ್ಲ. ರಸ್ತೆಗೆ ಅಡ್ಡ ಹೋಗುವ ಎಲ್.ಟಿ. ತಂತಿ ನೆಲದಿಂದ 5.8 ಮೀಟರ್, 11 ಕೆ.ವಿ. ತಂತಿ 6.1 ಮೀಟರ್ ಇರಬೇಕು ಎಂಬ ನಿಯಮ ಇದೆ, ಇಲ್ಲಿ ಇತ್ತು ಕೂಡ. ಜೋತಾಡುತ್ತಿದ್ದದ್ದು ಟಿ.ವಿ. ಕೇಬಲ್ಲು ಮತ್ತು ಇಂಟರ್ನೆಟ್ ಕೇಬಲ್ಲು. ಅವಕ್ಕೆ ನಿಯಮ ಯಾರು ಹೇಳುತ್ತಾರೆ? ಒಣ ಬಿದಿರಿನ ಗಳು ಹಿಡಿದ ಇಬ್ಬರು ಒಂದೊಂದನ್ನೇ ಎತ್ತಿಕೊಂಡು ನಡೆದರು. ಒಳರಸ್ತೆಯಲ್ಲಿ ತಗ್ಗಾಗಿ ಬಂದ ಒಂದು 11 ಕೆ.ವಿ. ತಂತಿಗೆ ಮಾತ್ರ ಸೆಸ್ಕ್‌ನಿಂದ ಕರೆಂಟು ನಿಲ್ಲಿಸುವ ಲೈನ್ ಕ್ಲಿಯರ್ ತೆಗೆದುಕೊಂಡಿದ್ದೆವು. ಅದನ್ನು ಗಳುವಿನಿಂದ ಮುಟ್ಟುವ ಮಾತಿಲ್ಲ.

ಹೆದ್ದಾರಿಯಿಂದ ತಿರುಗುವ ಜಾಗದ ಅಂಗಳದಲ್ಲಿ ಬೆಳಗಿನವರೆಗೆ ನಿಲುಗಡೆ. ಒಳರಸ್ತೆಯನ್ನು ಹಗಲಲ್ಲೇ ಮಾಡಬೇಕು, ಹಿಂದಿನ ಸ್ಟೀರಿಂಗ್ ನೋಡುವ ಆಪರೇಟರಿಗೆ ಚಕ್ರವೂ ಅಂಚೂ ಕಣ್ಣಿಗೆ ಕಾಣಬೇಕು. ಕಾರ್ಮಿಕರ ಜೀಪು, ಶಾಲೆ ಬಸ್ಸು ಹೋದ ಮೇಲೆ ಒಂಬತ್ತಕ್ಕೆ ಶುರು. ಆಂಬುಲೆನ್ಸ್ ಬಂದರೆ ಎಲ್ಲಿ ಸರಿಯಬೇಕು ಎಂದು ಮೂರು ಕಡೆ ಸುಣ್ಣ ಹಾಕಿದ್ದೆವು.

ಮೋರಿ ದಾಟಿತು. ಕೆರೆ ತಿರುವಿಗೆ ಇನ್ನೂ 300 ಮೀಟರ್ ಇರುವಾಗ ಪೈಲಟ್ ಜೀಪಿನ ಹುಡುಗ ವಾಕಿಟಾಕಿಯಲ್ಲಿ, 'ಸಾರ್, ಗಾಡಿ ನಿಲ್ಸಿ. ಏರು ಪೂರ್ತಿ ಒದ್ದೆ' ಎಂದ. ಆಕಾಶದಲ್ಲಿ ಒಂದು ಮೋಡ ಇರಲಿಲ್ಲ.

ಹೋಗಿ ನೋಡಿದರೆ ಸ್ಪ್ರಿಂಕ್ಲರ್. ಫೆಬ್ರವರಿ ಕೊನೆ, ಮಾರ್ಚ್ ಅಂದರೆ ರೊಬಸ್ಟಾ ಹೂವಿಗೆ ನೀರು ಹಾಯಿಸುವ ಕಾಲ. ಹೂಮಳೆ ಕಾಯದೆ ಕೆರೆಯಿಂದ ಪಂಪು ಹಚ್ಚಿರುತ್ತಾರೆ. ಜೆಟ್ ಒಂದು ಸುತ್ತು ಬಂದಾಗೆಲ್ಲ ರಸ್ತೆಗೂ ಒಂದು ಬೀಸು ನೀರು. ಅದರ ಮೇಲೆ ತೋಟದ ಜೀಪುಗಳು ಹೊತ್ತು ತಂದ ಕೆಂಪು ಮಣ್ಣು, ಸಿಲ್ವರ್ ಓಕ್ ಎಲೆ. ಜನವರಿಯ ಸರ್ವೆಯಲ್ಲಿ ಇದೇ ಏರು ಧೂಳು ಹಾರುವಷ್ಟು ಒಣಗಿತ್ತು.

ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರನ್ನು ಹುಡುಕಿದೆವು. 'ಮೊದ್ಲೇ ಒಂದು ಮಾತು ಹೇಳಿದ್ರೆ ಆ ಬ್ಲಾಕು ನಿನ್ನೆನೇ ಮುಗಿಸ್ತಿದ್ವಿ ಸಾರ್' ಎಂದು ಪಂಪು ನಿಲ್ಲಿಸಿದರು. ಇಬ್ಬರು ಆಳುಗಳನ್ನೂ ಕಳಿಸಿದರು. ಎಲೆ ಮತ್ತು ಕೆಸರನ್ನು ಗುದ್ದಲಿಯಿಂದ ಕೆರೆದು, ಮೋರಿಯಲ್ಲಿ ಉಳಿದಿದ್ದ ಕ್ರಷರ್ ಪುಡಿ ತಂದು ಚಕ್ರದ ಜಾಡಿಗೆ ಹರಡಿದೆವು. ಎರಡು ಗಂಟೆ ಬಿಸಿಲು ಬಿದ್ದ ಮೇಲೆ ಖಾಲಿ ಎಳೆಯುವ ಗಾಡಿಯನ್ನು ಹತ್ತಿಸಿ, ಏರಿನ ನಡುವೆ ನಿಲ್ಲಿಸಿ, ಮತ್ತೆ ಹೊರಡಿಸಿ ನೋಡಿದೆವು. ಚಕ್ರ ಸುತ್ತಲಿಲ್ಲ. ಆಮೇಲೆ ಅದನ್ನೇ ತಂದು ಮುಂದೆ ಜೋಡಿಸಿದ್ದು. ಏರಿನಲ್ಲಿ ಜೋಡಿಸಲು ಯೋಚಿಸಿದ್ದನ್ನು ತಿರುವಿನ ಮೊದಲೇ ಮಾಡಿದೆವು, ಯಾಕೆಂದರೆ ತಿರುವಿನಿಂದ ಹೊರಬರುವಾಗಲೇ ಏರು ಶುರುವಾಗುತ್ತದೆ. ಎರಡು ಗಾಡಿ ಉದ್ದಕ್ಕೆ ನಿಂತರೂ ತಿರುವಿನಲ್ಲಿ ಟ್ರೇಲರಿನ ಜಾಡು ಬದಲಾಗಲಿಲ್ಲ, ಹಿಂದಿನ ಆಪರೇಟರ್ ನಡೆದುಕೊಂಡೇ ಬಾಲವನ್ನು ಸರಿಸುತ್ತಿದ್ದ. ಹೊರಗಿನ ಟೈರು ತಡೆಗೋಡೆಯಿಂದ ಒಂದು ಮೀಟರಿಗೆ ಹಾಕಿದ್ದ ಸುಣ್ಣದ ಗೆರೆಯನ್ನು ಮುಟ್ಟಲಿಲ್ಲ. ಕೈಯಲ್ಲಿ ಬೆಣೆ ಹಿಡಿದ ನಾಲ್ವರು ಟೈರಿನ ಪಕ್ಕದಲ್ಲೇ ನಡೆದರು.

ಉಪಕೇಂದ್ರ ಮುಟ್ಟಿದಾಗ ಮೂರು ಗಂಟೆ. ಜಾಕಿನಿಂದ ಒಂದೊಂದೇ ಬದಿ ಎತ್ತಿ ಸ್ಲೀಪರ್ ತುಂಬಿಸುತ್ತಾ, ಹಳಿಯ ಮೇಲೆ ಜಾರಿಸಿ ಕಟ್ಟೆಗೆ ಕೂರಿಸುವ ಕೆಲಸ ಮಾರನೇ ದಿನಕ್ಕೆ. ಪೆಟ್ಟಿಗೆಯಲ್ಲಿ ದಾಖಲಾದ ದೊಡ್ಡ ಆಘಾತ 1.1 ಜಿ, ಅದೂ ಕೂಡ್ಲೂರಿನಲ್ಲಿ ಕ್ರೇನಿನಿಂದ ಇಳಿಸುವಾಗ. ನೈಟ್ರೋಜನ್ ಒತ್ತಡ 0.19, ಬೆಳಗಿನ ಚಳಿಯಲ್ಲಿ ಓದಿದ್ದು.

ವರದಿಯಲ್ಲಿ ಎರಡು ಸಾಲು ಹೊಸದಾಗಿ ಸೇರಿಸಿದೆವು. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಸಾಗಾಟಕ್ಕೆ ದಾರಿಯ ಪ್ರತಿ ತೋಟದ ನೀರಾವರಿ ದಿನಗಳನ್ನು ರೈಟರ್ ಹತ್ತಿರ ಕೇಳಿ ಬರೆದುಕೊಳ್ಳುವುದು. ಹಿಂದಿನ ಸಂಜೆ ಮತ್ತೊಮ್ಮೆ ಇಡೀ ಒಳರಸ್ತೆ ನಡೆದು ನೋಡುವುದು.

ಖಾಲಿ ಟ್ರೇಲರ್ ವಾಪಸ್ ದಾಟಿದ ಮೇಲೆ ಬೀಮು ಎತ್ತಿದೆವು. ಮಣ್ಣಿನ ಮುದ್ದೆಗಳು 50 ಮಿ.ಮೀ.ಯಿಂದ 45ಕ್ಕೆ ಇಳಿದಿದ್ದವು. ಪಂಚಾಯತ್ ರಾಜ್ ವಿಭಾಗದ ಎಂಜಿನಿಯರ್ ಟಾರ್ಚ್ ಹಿಡಿದು ಮೋರಿಯ ಒಳಗೆ ಬಗ್ಗಿ ಚಪ್ಪಡಿಯ ತಳ ನೋಡಿದರು. ಹೊಸ ಬಿರುಕಿಲ್ಲ ಎಂದು ಬರೆದು ಸಹಿ ಹಾಕಿದರು. ಆ ಕಾಗದ ತೋರಿಸಿದ ಮೇಲೆ ನಮ್ಮ ಠೇವಣಿ ವಾಪಸ್ ಬಂತು.